ಪುಟ ಐವತ್ತೆರಡರ ಲೆಕ್ಕ

ಸಿಟ್ಟು ಬಂದರೆ ಸೌಮ್ಯಾ ಹಿರೇಮಠ ಟೀಚರ ದನಿ ಸಣ್ಣದಾಗುತ್ತಿತ್ತು. ಹುಬ್ಬಳ್ಳಿಯ ದುರ್ಗದಬೈಲು ಪೇಟೆಯ ಹಿಂದಿನ ಗಲ್ಲಿಯಲ್ಲಿರುವ ಆ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇದು ಎಲ್ಲ ಹುಡುಗಿಯರಿಗೂ ಗೊತ್ತು. ಟೀಚರು ಕೂಗಿದರೆ ಭಯವಿಲ್ಲ. ಪಿಸುಗುಟ್ಟಿದರೆ ಮುಂದಿನ ಬೆಂಚಿನವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಒಬ್ಬ ಮನುಷ್ಯನ ಹೆಸರನ್ನು ಮಾತ್ರ ಆರು ವರ್ಷಗಳಿಂದ ಅವರು ಆ ಸಣ್ಣ ದನಿಯಲ್ಲೇ ಹೇಳುತ್ತಿದ್ದರು.

ನಲವತ್ತೆಂಟರ ಈ ಗಣಿತದ ಟೀಚರು ಮದುವೆಯಾಗಲಿಲ್ಲ. ಹಳೇ ಹುಬ್ಬಳ್ಳಿಯ ಎರಡು ಕೋಣೆಯ ಮನೆಯಲ್ಲಿ ತಾಯಿ ಶಿವಬಸವ್ವನ ಜೊತೆ ಇರುತ್ತಾರೆ. ಇಪ್ಪತ್ತೆರಡು ವರ್ಷಗಳ ನೌಕರಿಯಲ್ಲಿ ಅವರು ಕೂಡಿಟ್ಟ ಆಸ್ತಿ ಎಂದರೆ ಒಂದು ದಪ್ಪ ವಹಿ. ಅದರಲ್ಲಿ ಇದ್ದದ್ದು ಮಕ್ಕಳ ತಪ್ಪುಗಳು. ಪ್ರತಿ ವರ್ಷ ಪೇಪರು ತಿದ್ದುವಾಗ, ವರ್ಗಸಮೀಕರಣದ ಅಪವರ್ತನದಲ್ಲಿ ಯಾವ ಹುಡುಗಿ ಎಡವಿದರೂ ಆ ಎಡವಿದ ಹೆಜ್ಜೆಯನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದರು. ಹುಡುಗಿಯ ಹೆಸರು ಬರೆಯುತ್ತಿರಲಿಲ್ಲ. ಕೆಳಗೆ ಒಂದು ಸಾಲು ಮಾತ್ರ: ಇವಳು ಏನು ತಿಳಿದುಕೊಂಡು ಹೀಗೆ ಮಾಡಿದಳು?

ಆ ಸಾಲುಗಳಿಂದಲೇ ಅವರ ಪಾಠದ ಕ್ರಮ ಹುಟ್ಟಿತು. ಮೊದಲ ದಿನ x² + 5x + 6. ಕೂಡಿದರೆ ಐದು, ಗುಣಿಸಿದರೆ ಆರು ಆಗುವ ಎರಡು ಸಂಖ್ಯೆ ಯಾವವು? ಎರಡು, ಮೂರು. ಅಲ್ಲಿಗೆ (x + 2)(x + 3). ಇಂಥವು ಹತ್ತು ಲೆಕ್ಕ, ಬರೀ ಕೂಡುವ ಚಿಹ್ನೆ. ಹುಡುಗಿಯರು ಹಾಡಿನ ಹಾಗೆ ಮಾಡಿ ಮುಗಿಸಿದ ಮೇಲೆ x² – 5x + 6. ಆಮೇಲೆ x² – x – 6, ಅದರ ಬೆನ್ನಿಗೇ x² + x – 6. ಅಲ್ಲಿ ಅರ್ಧ ಕ್ಲಾಸು ಚಿಹ್ನೆ ಅದಲುಬದಲು ಮಾಡುತ್ತಿತ್ತು. ಮಾಡಲಿ ಎಂದೇ ಎರಡನ್ನೂ ಒತ್ತೊತ್ತಿಗೆ ಇಟ್ಟಿದ್ದರು. ಆಮೇಲೆ 3x² – 12x = 0, ಸ್ಥಿರಪದವೇ ಇಲ್ಲದ್ದು. ಅದಾದ ಮೇಲೆ x ವರ್ಗದ ಮುಂದೆ ಅಂಕಿ ಬರುವಂಥದು: 6x² + x – 12. ಇಲ್ಲಿ ಹನ್ನೆರಡನ್ನು ಒಡೆದರೆ ಸಾಲದು. ಆರನ್ನೂ ಮೈನಸ್ ಹನ್ನೆರಡನ್ನೂ ಗುಣಿಸಿ, ಮೈನಸ್ ಎಪ್ಪತ್ತೆರಡನ್ನು ಒಂಬತ್ತು ಮತ್ತು ಮೈನಸ್ ಎಂಟು ಮಾಡಿ ಮಧ್ಯದ ಪದ ಒಡೆಯಬೇಕು. 3x(2x + 3) – 4(2x + 3) ಎಂದು ಬರೆಯುವಾಗ ಎರಡನೇ ಕಂಸದೊಳಗಿನ ಚಿಹ್ನೆ ತಪ್ಪಿಸುವವರು ಪ್ರತಿ ವರ್ಷ ಹನ್ನೆರಡು ಮಂದಿಯಾದರೂ ಇರುತ್ತಿದ್ದರು. ಎಲ್ಲಕ್ಕೂ ಕೊನೆಗೆ √2x² + 7x + 5√2 ಎಂಬ ಗಟ್ಟಿ ಕಾಯಿ. ಹಿಂದಿನ ಲೆಕ್ಕದಲ್ಲಿ ಗೆದ್ದ ಹುಡುಗಿ ಮುಂದಿನದರಲ್ಲಿ ಒಮ್ಮೆ ಎಡವಬೇಕು, ಎಡವಿದ್ದು ಯಾಕೆ ಎಂದು ತಾನೇ ಹೇಳಬೇಕು. ಇಷ್ಟೇ ಅವರ ವಿದ್ಯೆ.

ನಡುನಡುವೆ ಏಳು ಕಡೆ ಅವರು ಬೇಕೆಂದೇ ತಪ್ಪಾಗಿ ಬಿಡಿಸಿದ ಲೆಕ್ಕ ಇಟ್ಟಿದ್ದರು. ಮೇಲೆ ತಪ್ಪೆಂಬ ಗುರುತಿನ ಕಾಟು ಹಾಕುತ್ತಿರಲಿಲ್ಲ. ಕಾಟು ಹಾಕಿದರೆ ಮಕ್ಕಳು ಓದುವುದೇ ಇಲ್ಲ, ತಪ್ಪನ್ನು ಅವರೇ ಹುಡುಕಬೇಕು. ತಮಗೆ ಗುರುತಿಗೆ ಇರಲೆಂದು ಪುಟದ ಬಲಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಚುಕ್ಕಿ ಇಡುತ್ತಿದ್ದರು. ಸಾಸಿವೆಕಾಳಿನಷ್ಟು.

ಆರು ವರ್ಷದ ಹಿಂದೆ ಹೆಡ್‌ಮಾಸ್ತರಾಗಿದ್ದವರು ವಿಜಯೀಂದ್ರ ಸರ್. ಅವರೂ ಗಣಿತದವರೇ. ಬೋರ್ಡಿನ ಮೇಲೆ ಅವರಷ್ಟು ಚುರುಕಾಗಿ ಲೆಕ್ಕ ಬಿಡಿಸುವವರು ಊರಿನಲ್ಲಿ ಇರಲಿಲ್ಲ. ಇನ್‌ಸ್ಪೆಕ್ಷನ್ ಬರುವುದಿದೆ, ಎರಡು ದಿನ ನೋಡಿ ಕೊಡುತ್ತೇನೆ ಎಂದು ಆ ವಹಿ ಇಸಿದುಕೊಂಡರು. ಮೂರನೇ ದಿನ ಸ್ಟಾಫ್ ಮೀಟಿಂಗಿನಲ್ಲಿ ಅದರದೊಂದು ಪುಟ ತೆಗೆದು ಎಲ್ಲರ ಮುಂದೆ ಓದಿದರು.

“ಇಲ್ನೋಡ್ರಿ, x² = 5x. ಎರಡೂ ಕಡೆ x ಹೊಡದು, x = 5 ಅಂತ ಬರದಾರ. ಸೊನ್ನಿ ಎಲ್ಲಿ ಹೋತು? ಹತ್ತನೇ ಇಯತ್ತಾ ಕಲಸೋ ಟೀಚರಿಗೆ x ಸೊನ್ನಿನೂ ಇರಬಹುದು ಅಂತ ಗೊತ್ತಿಲ್ಲ!”

ಎಲ್ಲರೂ ನಕ್ಕರು. ಸೌಮ್ಯಾ ಎದ್ದು ನಿಂತು, “ಸರ್, ಮೂಲ್ಯಾಗ ಒಂದು ಚುಕ್ಕಿ ಐತ್ರಿ, ಅದು...” ಎಂದರು.

“ಕೂಡ್ರಿ. ಚುಕ್ಕಿ ಅಂತ, ರಂಗೋಲಿ ಅಂತ.”

ಮತ್ತೆ ನಗು. ಮರುದಿನದಿಂದ ಅವರಿಗೆ ಎಂಟನೇ ತರಗತಿ. ಹತ್ತನೇ ತರಗತಿಯನ್ನು ಹೆಡ್‌ಮಾಸ್ತರರೇ ಇಟ್ಟುಕೊಂಡರು. ವಹಿ ಕೇಳಿದಾಗ, “ಯಾವ ವಹಿ?” ಎಂದರು. ಎರಡನೇ ಸಲ ಕೇಳಿದಾಗ, “ನಿಮ್ಮ ವಹಿಯೊಳಗ ತಪ್ಪು ಬಿಟ್ರ ಏನದ? ನಾ ಅದನ್ನ ಏನ್ ಮಾಡ್ಲಿ?” ಎಂದರು. ಮೂರನೇ ಸಲ ಸೌಮ್ಯಾ ಕೇಳಲಿಲ್ಲ.

ಕಳೆದ ವರ್ಷ ವಿಜಯೀಂದ್ರ ಸರ್ ನಿವೃತ್ತರಾಗಿ ಗೋಕುಲ ರಸ್ತೆಯಲ್ಲಿ ಕೋಚಿಂಗ್ ಕ್ಲಾಸು ತೆರೆದರು. ಈ ಜೂನಿನಲ್ಲಿ ಹತ್ತನೇ ತರಗತಿ ಮತ್ತೆ ಸೌಮ್ಯಾ ಅವರ ಕೈಗೆ ಬಂತು. ವಹಿ ಇರಲಿಲ್ಲ. ಕ್ರಮ ತಲೆಯಲ್ಲಿತ್ತು.

ನವೆಂಬರಿನ ಒಂದು ಬುಧವಾರ, ಊಟದ ಬಿಡುವಿನಲ್ಲಿ ವಿಜ್ಞಾನದ ಪರಮೇಶ ಸರ್ ಸ್ಟಾಫ್ ರೂಮಿಗೆ ಒಂದು ಹೊಸ ಪುಸ್ತಕ ಹಿಡಿದು ಬಂದರು. ‘ವರ್ಗಸಮೀಕರಣ: ಸರಳದಿಂದ ಕಠಿಣಕ್ಕೆ’. ಕೆಳಗೆ ವಿಜಯೀಂದ್ರ ಸರ್ ಅವರ ಫೋಟೋ, ಕೋಟು ಹಾಕಿದ್ದು.

“ಟೀಚರ್, ನಿಮ್ಮ ದೋಸ್ತರು ಪುಸ್ತಕ ತಂದಾರ ನೋಡ್ರಿ. ಮೂವತ್ತು ವರ್ಷದ ತಪಸ್ಸು ಅಂತ ಬರದಾರ. ಈ ಮಾರಿ ನೋಡಿದ್ರ ತಪಸ್ಸಿನ್ಯಾಗ ಊಟ ಬಿಟ್ಟಂಗ ಕಾಣೂದಿಲ್ಲ.”

ಸೌಮ್ಯಾ ತುತ್ತು ಕೆಳಗಿಟ್ಟು ಪುಸ್ತಕ ತೆಗೆದರು. ಮೊದಲ ಲೆಕ್ಕ x² + 5x + 6. ಹತ್ತು ಲೆಕ್ಕ ಬರೀ ಕೂಡುವ ಚಿಹ್ನೆ. ಆಮೇಲೆ x² – 5x + 6. ಒತ್ತೊತ್ತಿಗೆ x² – x – 6 ಮತ್ತು x² + x – 6. ಅವರು ಪುಟ ತಿರುವುತ್ತ ಹೋದರು. ಅಂಕಿ ಸಹ ಬದಲಾಗಿರಲಿಲ್ಲ. ಹದಿನಾರು ವರ್ಷ ಬೇರೆ ಬೇರೆ ಹುಡುಗಿಯರು ಎಡವಿದ ಕಲ್ಲುಗಳೆಲ್ಲ ಅದೇ ಸಾಲಿನಲ್ಲಿ ಕೂತಿದ್ದವು, ಯಾರೋ ಬೇರೆಯವರ ಅಂಗಳದಲ್ಲಿ.

ಆಮೇಲೆ ಅವರು ಚುಕ್ಕಿಯ ಲೆಕ್ಕಗಳನ್ನು ಹುಡುಕಿದರು. ಏಳರಲ್ಲಿ ನಾಲ್ಕು ಇರಲಿಲ್ಲ. ತಪ್ಪು ಎಂದು ಕಣ್ಣಿಗೆ ಬಿದ್ದಂಥವನ್ನು ಸರ್ ತೆಗೆದುಹಾಕಿದ್ದರು. ಇನ್ನು ಮೂರು ಹಾಗೆಯೇ ಇದ್ದವು, ಬಿಡಿಸಿದ ಮಾದರಿ ಲೆಕ್ಕಗಳಾಗಿ, ಸುತ್ತ ಚೌಕಟ್ಟು ಹಾಕಿಸಿಕೊಂಡು. ಇಪ್ಪತ್ಮೂರನೇ ಪುಟದಲ್ಲಿ ಒಂದು, ಮೂವತ್ತೇಳರಲ್ಲಿ ಒಂದು, ಐವತ್ತೆರಡರಲ್ಲಿ ಒಂದು. ಐವತ್ತೆರಡರದರ ತಲೆಯ ಮೇಲೆ ‘ಲಗೂ ವಿಧಾನ’, ಅಂದರೆ ಬೇಗ ಬಿಡಿಸುವ ದಾರಿ, ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಪರಮೇಶ ಸರ್, “ಯಾಕ್ರಿ ಟೀಚರ್, ನಗಾಕತ್ತೀರಿ?” ಎಂದು ಕೇಳಿದರು.

“ಛಲೋ ಅದಾವ್ರಿ ಲೆಕ್ಕ,” ಎಂದರು ಸೌಮ್ಯಾ, ಬಹಳ ಸಣ್ಣ ದನಿಯಲ್ಲಿ.

ಹಿಂದಿನ ರಕ್ಷಾಪುಟದಲ್ಲಿ ಜಾಹೀರಾತು ಇತ್ತು. ಮುಂದಿನದರ ಮುಂದಿನ ಭಾನುವಾರ, ಕೋಚಿಂಗ್ ಕ್ಲಾಸಿನ ಹಾಲಿನಲ್ಲಿ ಮಹಾ ಪುನರಾವರ್ತನೆ. ಪಾಲಕರಿಗೂ ಪ್ರವೇಶ. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಸೌಮ್ಯಾ ಎಣಿಸಿದರು. ಇನ್ನು ಹನ್ನೊಂದು ದಿನ. ಅಲ್ಲಿಯವರೆಗೆ ಬಾಯಿ ಬಿಡಬಾರದು. ಫೋನು ಮಾಡಿ ಹೇಳಿದರೆ ಅವರು ಸದ್ದಿಲ್ಲದೆ ತಿದ್ದಿ ಇನ್ನೊಮ್ಮೆ ಅಚ್ಚು ಹಾಕಿಸುತ್ತಾರೆ. ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತ ಹೆಂಗಸನ್ನು ಕೂಡ್ರಿ ಎಂದ ಬಾಯಿ, ನೂರು ಮಂದಿಯ ಮುಂದೆ ಒಣಗಬೇಕು.

ಮನೆಯಲ್ಲಿ ಶಿವಬಸವ್ವ ರೊಟ್ಟಿ ಬಡಿಯುತ್ತ ಮಗಳ ಮುಖ ನೋಡಿದಳು.

“ಏನವಾ, ಮಾರಿ ಮ್ಯಾಲೆ ಭಾಳ ಬೆಳಕ ಐತಿ. ವರ ಸಿಕ್ಕನೇನು?”

“ವೈರಿ ಸಿಕ್ಕಾನ.”

“ವೈರಿನ ಛಲೋ ಬಿಡು. ವರ ಅಂದ್ರ ಬಿಟ್ಟು ಹೋಗ್ತಾನ. ವೈರಿ ಹೋಗೂದಿಲ್ಲ,” ಎಂದು ಮುದುಕಿ ರೊಟ್ಟಿ ತಿರುವಿ ಹಾಕಿದಳು.

ತಮ್ಮ ಕ್ಲಾಸಿನ ಹುಡುಗಿಯರಿಗೆ ಅಪಾಯವಿಲ್ಲ ಎಂದೇ ಸೌಮ್ಯಾ ತಿಳಿದಿದ್ದರು. ಅವರಿಗೆ ನಾನೇ ಕಲಿಸುತ್ತಿದ್ದೇನಲ್ಲ. ಅಲ್ಫಿಯಾಳನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ದುರ್ಗದಬೈಲಿನಲ್ಲಿ ಬಳೆ ಅಂಗಡಿ ಇಟ್ಟಿರುವ ಮಲ್ಲಿಕಸಾಬರ ಮಗಳು ಅಲ್ಫಿಯಾ ಕ್ಲಾಸಿನಲ್ಲಿ ಯಾವಾಗಲೂ ಎರಡು ಲೆಕ್ಕ ಮುಂದೆ ಇರುವ ಹುಡುಗಿ. ವಿಜಯೀಂದ್ರ ಸರ್ ಅವರ ಕೋಚಿಂಗಿಗೂ ಹೋಗುತ್ತಿದ್ದಳು. ಸೋಮವಾರದ ಕಿರುಪರೀಕ್ಷೆಯಲ್ಲಿ ಸೌಮ್ಯಾ ಒಂದು ಲೆಕ್ಕ ಕೊಟ್ಟಿದ್ದರು: (x + 1)(x + 2) = 12. ಬಿಡಿಸಿ ಗುಣಿಸಿ, ಹನ್ನೆರಡನ್ನು ಈ ಕಡೆ ತಂದರೆ x² + 3x – 10 = 0. ಐದು ಮತ್ತು ಮೈನಸ್ ಎರಡು. ಆದ್ದರಿಂದ x ಎಂದರೆ 2 ಅಥವಾ –5. ಸರಳ.

ಅಲ್ಫಿಯಾ ಬರೆದದ್ದು ಹೀಗಿತ್ತು: x + 1 = 12, ಆದ್ದರಿಂದ x = 11. x + 2 = 12, ಆದ್ದರಿಂದ x = 10.

ಗುಣಲಬ್ಧ ಸೊನ್ನೆಯಾದರೆ ಮಾತ್ರ ಎರಡರಲ್ಲೊಂದು ಸೊನ್ನೆ ಆಗಲೇಬೇಕು. ಹನ್ನೆರಡಾದರೆ ಎರಡರಲ್ಲೊಂದು ಹನ್ನೆರಡೇ ಆಗಬೇಕೆಂದು ಯಾವ ಕಟ್ಟಳೆಯೂ ಇಲ್ಲ. ಮೂರು ನಾಲ್ಕಲಿ ಹನ್ನೆರಡು, ಎರಡಾರಲಿ ಹನ್ನೆರಡು. ಈ ಹುಡುಗಿಗೆ ಇದು ಗೊತ್ತಿತ್ತು. ಹೋದ ವಾರ ಬೋರ್ಡಿಗೆ ಬಂದು ಹೇಳಿದ್ದಳು. ಈಗ ತಪ್ಪಿದ್ದಾಳೆಂದರೆ ಐವತ್ತೆರಡನೇ ಪುಟವೇ ಕಾರಣ.

ಕೆಂಪು ಪೆನ್ನು ಹಿಡಿದ ಸೌಮ್ಯಾ ಅವರಿಗೆ ಮೊದಲು ಆದದ್ದು ಸಂತೋಷ. ಸಿಕ್ಕಿತು ಸಾಕ್ಷಿ ಎಂದು ಎದೆ ಕುಣಿಯಿತು. ಹುಡುಗಿಯ ನೆನಪಾದದ್ದು ಆಮೇಲೆ, ಸೊನ್ನೆ ಹಾಕಿ ಪೆನ್ನು ಎತ್ತಿದ ಮೇಲೆ.

ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ತಪ್ಪದ ರೂಢಿಯೊಂದು ಅವರ ಕ್ಲಾಸಿನಲ್ಲಿತ್ತು. ಪರೀಕ್ಷೆಯ ಮರುದಿನ ತಪ್ಪಿನ ತಾಸು. ಪೇಪರು ಕೊಟ್ಟು, ಹೆಸರು ಹೇಳದೆ ಒಂದೊಂದೇ ತಪ್ಪನ್ನು ಬೋರ್ಡಿಗೆ ಹಾಕಿ, ಈಕಿ ಏನು ತಿಳಿದುಕೊಂಡಿದ್ದಳು ಹೇಳ್ರಿ ಎಂದು ಕೇಳುವ ತಾಸು. ಈ ಸಲ ಪೇಪರು ಹಂಚಿದರು. ತಪ್ಪಿನ ತಾಸು ಮಾತ್ರ ಮಾಡಲಿಲ್ಲ. ಮಾಡಿದರೆ ಅವತ್ತು ಸಂಜೆಯೇ ಮಾತು ಗೋಕುಲ ರಸ್ತೆ ಮುಟ್ಟುತ್ತದೆ. ಬೋರ್ಡಿನ ಕಡೆ ತಿರುಗಿ ಹೊಸ ಪಾಠ ಶುರು ಮಾಡಿದರು.

“ಟೀಚರ್, ತಪ್ಪಿನ ತಾಸು?” ಎಂದಳು ಅಲ್ಫಿಯಾ.

“ಸೋಮವಾರ.”

“ನನಗ ಸೊನ್ನಿ ಯಾಕ ಬಂತು ಅಂತ ತಿಳಿವಲ್ದ್ರಿ. ಪುಸ್ತಕದಾಗ ಹಿಂಗ ಐತ್ರಿ.”

“ಸೋಮವಾರ ಅಂದ್ನೆಲ್ಲ. ಕೂಡು.”

ಕೂಡು ಎಂಬ ಮಾತು ಬಾಯಿಂದ ಬಿದ್ದ ಮೇಲೆ ಸೌಮ್ಯಾ ಒಂದು ಗಳಿಗೆ ಸೀಮೆಸುಣ್ಣ ಹಿಡಿದ ಕೈಯನ್ನು ಎತ್ತಲಿಲ್ಲ. ಕಿಟಕಿಯಾಚೆ ಯಾರೋ ಬೆಡ್‌ಶೀಟಿನ ದರ ಕೂಗುತ್ತಿದ್ದರು.

ಸೋಮವಾರದ ತನಕ ಕಾಯುವ ಹುಡುಗಿ ಅಲ್ಲ ಅಲ್ಫಿಯಾ. ಗುರುವಾರ ಸಂಜೆ ಕೋಚಿಂಗಿನಲ್ಲಿ ಪೇಪರು ಹಿಡಿದು ವಿಜಯೀಂದ್ರ ಸರ್ ಮುಂದೆ ನಿಂತಳು. ಶುಕ್ರವಾರ ಶಾಲೆಗೆ ಬಂದಾಗ ಅವಳ ಕಣ್ಣು ಊದಿತ್ತು. ಸೌಮ್ಯಾ ಅವಳನ್ನು ವರಾಂಡಕ್ಕೆ ಕರೆದರು.

“ಏನಂದ್ರು?”

“ವಿಧಾನ ಸರಿ ಅದ, ನೀ ಎಲ್ಲೋ ಕೂಡೂದು ತಪ್ಪೀದಿ ಅಂದ್ರು. ಪೇಪರ್ ನೋಡಲೇ ಇಲ್ರಿ. ಆಮ್ಯಾಲೆ ಬೆಂಚಿನ ಮ್ಯಾಲೆ ನಿಲ್ಲಿಸಿದ್ರು. ಈಕಿ ತಪ್ಪಿನ ಸಾಲಿಯಿಂದ ಬಂದಾಳ, ಹಿರೇಮಠ ಟೀಚರ್ ಹುಡುಗಿ, ನೋಡ್ಕೋರಿ ಎಲ್ಲಾರೂ ಅಂದ್ರು. ಹುಡುಗ್ರು ಭಾಳ ನಕ್ರು ಟೀಚರ್.”

ಸೌಮ್ಯಾ ಅವರ ದನಿ ಈಗ ಎಷ್ಟು ಸಣ್ಣದಾಯಿತೆಂದರೆ ಹುಡುಗಿ ಮುಂದೆ ಬಾಗಿ ಕೇಳಬೇಕಾಯಿತು. “ಭಾನುವಾರ ಹತ್ತಕ್ಕ, ಅಪ್ಪಾರನ್ನ ಕರಕೊಂಡು ಆ ಹಾಲಿಗೆ ಬಾ. ನಾನೂ ಬರ್ತೇನಿ.”

ಹಾಲು ತುಂಬಿತ್ತು. ಮುಂದೆ ನೂರೈವತ್ತು ಮಕ್ಕಳು, ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಪಾಲಕರು. ಪ್ರತಿಯೊಬ್ಬರ ತೊಡೆಯ ಮೇಲೂ ಕೋಟು ಹಾಕಿದ ಆ ಫೋಟೋ. ಮೂರನೇ ಸಾಲಿನಲ್ಲಿ ಸೌಮ್ಯಾ, ಪಕ್ಕದಲ್ಲಿ ಅಲ್ಫಿಯಾ, ಅವಳ ಪಕ್ಕ ಮಲ್ಲಿಕಸಾಬರು. ಅಂಗಡಿ ತಮ್ಮನಿಗೆ ಬಿಟ್ಟು ಬಂದಿದ್ದ ಅವರು, “ಟೀಚರ್, ನಮಗ ಲೆಕ್ಕ ತಿಳಿಯೂದಿಲ್ರಿ. ಎಲ್ಲಿ ಚಪ್ಪಾಳಿ ಹೊಡೀಬೇಕು, ಅಷ್ಟು ಹೇಳ್ರಿ,” ಎಂದು ಪಿಸುಗುಟ್ಟಿದರು.

ವಿಜಯೀಂದ್ರ ಸರ್ ಒಂದು ತಾಸು ಲೆಕ್ಕಗಳ ಮಳೆಗರೆದರು. ಕೈ ಬೋರ್ಡಿನ ಮೇಲೆ ಓಡುತ್ತಿತ್ತು, ನಡುವೆ ಒಂದು ನಗೆಚಾಟಿಕೆ, ಮತ್ತೆ ಲೆಕ್ಕ. ಕೊನೆಗೆ ಕೈ ಜಾಡಿಸಿ, “ಯಾರರೆ ಏನರೆ ಕೇಳೋದದ ಏನು?” ಎಂದರು.

ಸೌಮ್ಯಾ ಎದ್ದರು. ಸರ್ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಮುಖ ಅರಳಿಸಿದರು.

“ಓಹೋ! ಹಿರೇಮಠ ಟೀಚರ್. ನಮ್ಮ ಹಳೇ ಸ್ಟಾಫು. ಕಲೀಲಿಕ್ಕೆ ಬಂದೀರೇನು? ಬರ್ರಿ, ಬರ್ರಿ, ವಯಸ್ಸಿನ ಮಿತಿ ಇಲ್ಲ ನಮ್ಮಲ್ಲಿ.”

ನಗು ಎದ್ದಿತು. ಅದು ಇಳಿಯುವ ತನಕ ಅವರು ಕಾದರು.

“ಐವತ್ತೆರಡನೇ ಪುಟ ಸರ್. ಲಗೂ ವಿಧಾನ. ಒಂದ ಸಲ ತಿಳಿಸಿ ಹೇಳ್ರಿ.”

ಅದು ಸರ್ ಅವರ ಮೆಚ್ಚಿನ ಪುಟ. ಸಂತೋಷದಿಂದಲೇ ಬೋರ್ಡಿಗೆ ತಿರುಗಿದರು. (x + 3)(2 – x) = 4 ಎಂದು ಬರೆದರು. “ಬಿಚ್ಚೋದು ಬ್ಯಾಡ, ಗುಣಿಸೋದು ಬ್ಯಾಡ. x + 3 = 4, x ಒಂದು. 2 – x = 4, x ಮೈನಸ್ ಎರಡು. ಮುಗೀತು! ತಾಳೆ ನೋಡ್ರಿ. x ಒಂದು ಹಾಕ್ರಿ, ನಾಲ್ಕು ಒಂದಲಿ ನಾಲ್ಕು. ಮೈನಸ್ ಎರಡು ಹಾಕ್ರಿ, ಒಂದು ನಾಲ್ಕಲಿ ನಾಲ್ಕು. ಎರಡೂ ಸರಿ. ಉತ್ತರ ಸರಿ ಬಂದ್ರ ಕೆಲವರ ಕಣ್ಣಿಗೆ ಚುಚ್ತದ.”

ಮಕ್ಕಳು ಚಪ್ಪಾಳೆ ತಟ್ಟಿದರು. ಮಲ್ಲಿಕಸಾಬರೂ ತಟ್ಟಲು ಕೈ ಎತ್ತಿದರು. ಅಲ್ಫಿಯಾ ಅವರ ಕೈ ಹಿಡಿದಳು.

“ಸರ್,” ಎಂದರು ಸೌಮ್ಯಾ. “ಆ ನಾಲ್ಕು ಅಳಿಸಿ ಆರು ಬರೀರಿ. ಅದ ವಿಧಾನ.”

ಸರ್ ಒರೆಸಿ ಬರೆದರು. x + 3 = 6, x ಮೂರು. 2 – x = 6, x ಮೈನಸ್ ನಾಲ್ಕು. ತಾಳೆ ನೋಡಲು ಕೈ ತಾನಾಗಿ ಓಡಿತು. ಮೂರು ಹಾಕಿದರೆ ಆರು, ಮೈನಸ್ ಒಂದು. ಗುಣಿಸಿದರೆ ಮೈನಸ್ ಆರು. ಕೈ ನಿಂತಿತು. ಮೈನಸ್ ನಾಲ್ಕು ಹಾಕಿದರು. ಮೈನಸ್ ಒಂದು, ಆರು. ಮತ್ತೆ ಮೈನಸ್ ಆರು.

“ಚಿಹ್ನೆ ಎಲ್ಲೋ...” ಎಂದು ಅಳಿಸಿದರು. ಮತ್ತೆ ಬರೆದರು. ಮತ್ತೆ ಮೈನಸ್ ಆರು.

ಹಿಂದಿನಿಂದ ಯಾರೋ ಪಾಲಕರು ಗಂಟಲು ಸರಿಮಾಡಿಕೊಂಡರು. ವಿಜಯೀಂದ್ರ ಸರ್ ತಿರುಗಿ ಸೌಮ್ಯಾ ಅವರ ಮುಖ ನೋಡಿದರು. ಚುರುಕಾಗಿ ಲೆಕ್ಕ ಬಿಡಿಸುವ ಆ ಮನುಷ್ಯನ ಕಣ್ಣಿನಲ್ಲಿ, ಎಲ್ಲಿ ಎಡವಿದೆನೆಂದು ತಿಳಿಯದ ಹತ್ತನೇ ತರಗತಿಯ ಹುಡುಗಿಯರ ಕಣ್ಣಿನಲ್ಲಿ ಇರುವುದೇ ಇತ್ತು. ಆ ಕಣ್ಣಿಗೆ ಸೌಮ್ಯಾ ಇಪ್ಪತ್ತೆರಡು ವರ್ಷ ಎಂದೂ ಬೆನ್ನು ತೋರಿಸಿದವರಲ್ಲ. ತಪ್ಪು ಎಲ್ಲಿದೆ ಎಂದು ತಿಳಿಸಲು ಒಂದು ಮಾತು ಸಾಕಿತ್ತು. ಅವರು ಆ ಮಾತನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ನಿಂತರು. ಆರು ವರ್ಷ ಕಾದದ್ದು ಈ ಮೌನಕ್ಕಾಗಿ. ಅದನ್ನು ಕೊನೆಯ ತನಕ ಕುಡಿದರು.

“ಅಲ್ಫಿಯಾ,” ಎಂದರು ಆಮೇಲೆ. “ಹೋಗು.”

ಹುಡುಗಿ ಎದ್ದು ಮುಂದೆ ಹೋದಳು. ಬೆಂಚಿನ ಮೇಲೆ ನಿಲ್ಲಿಸಿಕೊಂಡವಳೆಂದು ಮಕ್ಕಳು ಗುರುತಿಸಿದರು, ಯಾರೂ ನಗಲಿಲ್ಲ. ಸರ್ ಕೈಯಿಂದಲೇ ಸೀಮೆಸುಣ್ಣ ಇಸಿದುಕೊಂಡಳು. ಕಂಸ ಬಿಡಿಸಿದಳು: 6 – x – x² = 6. ಎರಡೂ ಕಡೆಯ ಆರು ಹೋಯಿತು. x² + x = 0. ಇಲ್ಲಿ ಒಂದು ಗಳಿಗೆ ನಿಂತು, x ಹೊಡೆಯಬಾರದೆಂದು ತಾನೇ ತಲೆ ಅಲ್ಲಾಡಿಸಿ, x(x + 1) = 0 ಎಂದು ಬರೆದಳು.

“x ಸೊನ್ನಿ, ಇಲ್ಲಾ ಮೈನಸ್ ಒಂದು. ಈ ಕಡೆ ಸೊನ್ನಿ ಇದ್ರಷ್ಟ ಹಂಗ ಬಿಡಿಸಿ ಬರಿಯಾಕ ಬರ್ತೈತಿ,” ಎಂದಳು. ಆಮೇಲೆ ತಿರುಗಿ ಮೊದಲಿನ ಲೆಕ್ಕ ನೋಡಿದಳು. ಮುಖದ ಮೇಲೆ ಏನೋ ಹೊಳೆಯಿತು. “ನಾಲ್ಕಕ್ಕ ಉತ್ತರ ಸರಿ ಬಂದದ್ದು ಲಕ್ ಅಷ್ಟ. ಎರಡೂ ಕಂಸ ಕೂಡಿಸಿದ್ರ x ಹೋಗಿ ಮೂರು, ಎರಡು, ಐದು. ನಾಲ್ಕಕ್ಕಿಂತ ಒಂದು ಹೆಚ್ಚು. ಅದಕ್ಕ ಒಂದು ಕಡೆ ನಾಲ್ಕಾದ್ರ ಇನ್ನೊಂದು ಕಡೆ ಒಂದು ಉಳೀತೈತಿ.”

ಇಷ್ಟನ್ನು ಸೌಮ್ಯಾ ಅವಳಿಗೆ ಹೇಳಿಕೊಟ್ಟಿರಲಿಲ್ಲ.

“ಪ್ರಿಂಟಿಂಗ್ ಮಿಸ್ಟೇಕ್,” ಎಂದರು ವಿಜಯೀಂದ್ರ ಸರ್. ದನಿ ಒಣಗಿತ್ತು. “ಪ್ರೆಸ್ಸಿನವರು...”

“ಪ್ರೆಸ್ಸಿನವರ ತಪ್ಪಲ್ರಿ ಸರ್, ಅದು ನನ್ನದು.” ಹಾಲಿನ ಕೊನೆಯ ಕುರ್ಚಿಗೂ ಕೇಳುವಂತೆ ಸೌಮ್ಯಾ ಆ ಮನುಷ್ಯನ ಮುಂದೆ ಮೊದಲ ಬಾರಿಗೆ ದನಿ ಎತ್ತಿದರು. “ಹುಡುಗ್ಯಾರು ಹುಡಕಲಿ ಅಂತ ಬೇಕಂತ ತಪ್ಪ ಬರದಿಟ್ಟದ್ದು. ಗುರುತಿಗೆ ಕೆಂಪು ಚುಕ್ಕಿ ಇಟ್ಟಿದ್ದೆ. ಅದನ್ನ ಹೇಳಾಕ ಎದ್ದಾಗ ಕೂಡ್ರಿ ಅಂದ್ರಿ. ಈ ಪುಸ್ತಕದಾಗಿನ ಸರಿ ಲೆಕ್ಕ ಯಾರ ಬೇಕಾದ್ರೂ ಬರೀಬಹುದು, ಅದರ ಮ್ಯಾಲೆ ನನ್ನ ಹಕ್ಕಿಲ್ಲ. ತಪ್ಪು ಮಾತ್ರ ನನ್ನವು. ಇನ್ನೂ ಎರಡು ಅದಾವು. ಹುಡಕ್ರಿ, ಮೂವತ್ತು ವರ್ಷದ ತಪಸ್ಸು ಐತೆಲ್ಲ.”

ಕುರ್ಚಿ ಸರಿಸಿ ಹೊರಗೆ ನಡೆದರು. ಹಿಂದಿನಿಂದ ಪುಟ ತಿರುವುವ ಸದ್ದು ಹಾಲಿನ ತುಂಬ ಎದ್ದಿತು.

ಗೇಟಿನ ಎದುರು ಚಹಾದ ಗಾಡಿ ಇತ್ತು. ಮಲ್ಲಿಕಸಾಬರು ಮೂರು ಚಹಾ ಹೇಳಿದರು. “ಕೊನಿಗೂ ಚಪ್ಪಾಳಿ ಹೊಡಿಯಾಕ ಬಿಡಲಿಲ್ಲ ನೀವು,” ಎಂದು ನಕ್ಕರು. ಸೌಮ್ಯಾ ಅವರೂ ನಕ್ಕರು. ಮೈ ಹಗುರಾಗಿತ್ತು, ಜ್ವರ ಬಿಟ್ಟಂತೆ.

ಅಲ್ಫಿಯಾ ಚಹಾ ಮುಟ್ಟಲಿಲ್ಲ.

“ಟೀಚರ್, ಇನ್ನೂ ಎರಡು ಅದಾವು ಅಂದ್ರಿ. ಯಾವಾಗ ಗೊತ್ತಾತ್ರಿ ನಿಮಗ?”

“ಪುಸ್ತಕ ಬಂದ ದಿನ.”

“ಅಂದ್ರ ನಮ್ಮ ಟೆಸ್ಟಿಗಿಂತ ಮೊದಲ.”

“ಹೌದು.”

“ನಾ ಸೊನ್ನಿ ಯಾಕಂತ ಕೇಳಿದಾಗೂ ಗೊತ್ತಿತ್ತು.”

“ಗೊತ್ತಿತ್ತು.”

ಸಿಟಿ ಬಸ್ಸೊಂದು ಧೂಳೆಬ್ಬಿಸಿ ಹೋಯಿತು.

“ಹಂಗಾದ್ರ ನನ್ನ ಬೆಂಚಿನ ಮ್ಯಾಲೆ ನಿಲ್ಲಿಸಿದ್ದು ಅವರೊಬ್ರ ಅಲ್ಲ,” ಎಂದಳು.

ಮಲ್ಲಿಕಸಾಬರು, “ಏ, ಟೀಚರಿಗೆ ಹಂಗ ಮಾತಾಡ್ತಾರೇನು?” ಎಂದು ಗದರಿದರು.

“ಮಾತಾಡ್ಲಿ ಬಿಡ್ರಿ. ಖರೇನ ಹೇಳಾಕತ್ತಾಳ,” ಎಂದರು ಸೌಮ್ಯಾ. ಆರು ವರ್ಷ ಸಾಕಿದ ಸಿಟ್ಟು ಈಗಲೂ ಎದೆಯಲ್ಲಿ ಬೆಚ್ಚಗೇ ಇತ್ತು. ಅದನ್ನು ಬಿಟ್ಟುಕೊಡುವ ಮನಸ್ಸು ಅವರಿಗೆ ಇರಲಿಲ್ಲ. ಆದರೆ ಎದುರಿನ ಕಟ್ಟಡದಲ್ಲಿ ನೂರೈವತ್ತು ಮಕ್ಕಳ ತೊಡೆಯ ಮೇಲೆ ಇನ್ನೂ ಎರಡು ತಪ್ಪುಗಳು ಚೌಕಟ್ಟಿನೊಳಗೆ ಕೂತಿದ್ದವು. ಅವನ್ನು ಬರೆದವರು ಅವರೇ. ಹುಡುಕಲಿ ಎಂದು ಬರೆದದ್ದು ನಿಜ, ಆದರೆ ಹುಡುಕಬೇಕೆಂದು ಹೇಳುವವರು ಪಕ್ಕದಲ್ಲಿರಬೇಕಲ್ಲ.

ಲೋಟ ಕೆಳಗಿಟ್ಟು ರಸ್ತೆ ದಾಟಿದರು. ಕ್ಲಾಸು ಬಿಟ್ಟಿತ್ತು, ಮಕ್ಕಳು ಗೇಟಿನಿಂದ ಹೊರಬರುತ್ತಿದ್ದರು. ಮೊದಲು ಬಂದ ಹುಡುಗನನ್ನೇ ಅವರು ತಡೆದರು.

“ಪುಸ್ತಕ ತಗಿ. ಇಪ್ಪತ್ಮೂರನೇ ಪುಟ. 2x² + 10x + 12 ಅಪವರ್ತಿಸಿ ಅಂತ ಐತಿ. ಎರಡರಿಂದ ಭಾಗಿಸಿ, (x + 2)(x + 3) ಅಂತ ಬಿಟ್ಟಾರ. ಗುಣಿಸಿ ನೋಡು, ಮೊದಲಿಂದು ತಿರುಗಿ ಬರ್ತೈತೇನು?”

ಹುಡುಗ ತುಟಿ ಅಲ್ಲಾಡಿಸುತ್ತ ಗುಣಿಸಿದ. “ಇಲ್ರಿ. ಅರ್ಧ ಬರ್ತೈತಿ.”

“ಯಾಕ?”

“ಆ ಎರಡು... ಹೊರಗ ಇರಬೇಕಾಗಿತ್ತು. ಸಮೀಕರಣ ಇದ್ರ, ಆ ಕಡೆ ಸೊನ್ನಿ ಇದ್ರ, ಹೊಡಿಯಾಕ ನಡೀತಿತ್ತು. ಇದು ಬರೇ ಬೀಜೋಕ್ತಿ ಐತಿ.”

“ಶಾಣ್ಯಾ. ಬರಕೋ. ಈಗ ಮೂವತ್ತೇಳು. 3x(x – 2) = 5(x – 2). ಎರಡೂ ಕಡೆ x – 2 ಹೊಡದು, x ಐದು ಭಾಗ ಮೂರು ಅಂತ ಒಂದ ಉತ್ತರ ಕೊಟ್ಟಾರ. ಎರಡು ಹಾಕಿ ನೋಡು.”

ಹಿಂದೆ ಮಕ್ಕಳು ನಿಂತರು. ಒಬ್ಬರ ಹಿಂದೆ ಒಬ್ಬರು, ಪುಸ್ತಕ ಬಿಚ್ಚಿ ಹಿಡಿದು. ಅಲ್ಫಿಯಾ ರಸ್ತೆಯಾಚೆ ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದಳು. ಆಮೇಲೆ ಬಂದು ಗೇಟಿನ ಇನ್ನೊಂದು ಬದಿಗೆ ನಿಂತಳು. ಎರಡು ಸಾಲಾಯಿತು. ಅವಳು ಟೀಚರ ಕಡೆ ನೋಡಲಿಲ್ಲ. ಟೀಚರು ಹೇಳುವುದಕ್ಕಿಂತ ಜೋರಾಗಿ ಹೇಳುತ್ತಿದ್ದಳು, “ಸೊನ್ನಿಯಿಂದ ಭಾಗಿಸಾಕ ಬರೂದಿಲ್ಲ, x ಎರಡಾದ್ರ x – 2 ಸೊನ್ನಿ, ಹೊಡಿಬ್ಯಾಡ್ರಿ, ಈ ಕಡೆ ತಂದು ಅಪವರ್ತಿಸ್ರಿ,” ಎಂದು.

ಮಕ್ಕಳ ತಲೆಗಳ ಮೇಲಿಂದ ಸೌಮ್ಯಾ ಒಮ್ಮೆ ಮೇಲೆ ನೋಡಿದರು. ಮೊದಲ ಮಹಡಿಯ ಕಿಟಕಿಯಲ್ಲಿ ಒಂದು ಮುಖ ಇತ್ತು. ಮತ್ತೊಮ್ಮೆ ನೋಡಿದಾಗ ಇರಲಿಲ್ಲ. ಸ್ವಲ್ಪ ಹೊತ್ತಿಗೆ ವಿಜಯೀಂದ್ರ ಸರ್ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ತಮ್ಮದೇ ಪುಸ್ತಕ, ಬೆರಳು ಯಾವುದೋ ಪುಟದ ನಡುವೆ ಸಿಕ್ಕಿಕೊಂಡಿತ್ತು. ಮಕ್ಕಳು ದಾರಿ ಬಿಟ್ಟರು. ಅವರು ನೇರ ಸೌಮ್ಯಾ ಅವರ ಮುಂದೆ ಬಂದು ನಿಂತು, ಯಾರಿಗೂ ಕೇಳದಂತೆ ಕೇಳಿದರು.

“ಯಾವ ಯಾವ ಪುಟ, ಟೀಚರ್?”

ಸೌಮ್ಯಾ ಮುಂದಿನ ಹುಡುಗಿಯ ಪುಸ್ತಕ ಕೈಗೆ ತೆಗೆದುಕೊಂಡರು.

“ಸಾಲಿನ್ಯಾಗ ನಿಂದರ್ರಿ ಸರ್. ಮಕ್ಕಳು ಮೊದಲ ಬಂದಾರ.”